ದ್ರಾಕ್ಷಿ ಚಪ್ಪರದ ಮೂಲೆಕಂಬ: ನಕ್ಷೆಯಲ್ಲಿ 413 ಕೆಜಿ, ಲೆಕ್ಕದಲ್ಲಿ 524 ಕೆಜಿ, ಎಲ್ಲಿ ತಪ್ಪಿದೆ?

ಚಪ್ಪರದ_ಮೂಲೆ (ಚಿಕ್ಕಬಳ್ಳಾಪುರ)
ಎಲ್ಲರಿಗೂ ನಮಸ್ಕಾರ. ಹೊಸ ದ್ರಾಕ್ಷಿ ಚಪ್ಪರ ಹಾಕಿಸ್ತಿದ್ದೀವಿ, ಕಲ್ಲುಕಂಬ ನೆಟ್ಟಾಗಿದೆ. ಜಮೀನು ಚೌಕವಾಗಿಲ್ಲ, ಒಂದು ಮೂಲೆ ಒಳಗಡೆಯಿಂದ 75 ಡಿಗ್ರಿ ಬರುತ್ತೆ. ಆ ಮೂಲೆಕಂಬಕ್ಕೆ ಎರಡು ಕಡೆಯಿಂದ ಅಂಚಿನ ತಂತಿ ಬಂದು ಸೇರುತ್ತೆ. ಉದ್ದದ ಕಡೆಯ ತಂತಿ ಸುಮಾರು 400 ಕೆಜಿ ಎಳೆಯುತ್ತೆ, ಗಿಡ್ಡ ಕಡೆಯದು 250 ಕೆಜಿ. ಕಂಬ ಒಳಕ್ಕೆ ವಾಲದ ಹಾಗೆ ಹೊರಗಡೆ ಒಂದು ಸ್ಟೇ ಕಟ್ಟಬೇಕು. ಎಷ್ಟು ಬಲಕ್ಕೆ, ಯಾವ ದಿಕ್ಕಿಗೆ ಅನ್ನೋದೇ ಪ್ರಶ್ನೆ.

ಗ್ರಾಫ್ ಹಾಳೆ ಮೇಲೆ 1 ಸೆಂ.ಮೀ.ಗೆ 50 ಕೆಜಿ ಅಂತ ಅಳತೆ ಇಟ್ಟುಕೊಂಡು 8 ಸೆಂ.ಮೀ., 5 ಸೆಂ.ಮೀ. ಗೆರೆ 75 ಡಿಗ್ರಿಗೆ ಎಳೆದು ಸಮಾಂತರ ಚತುರ್ಭುಜ ಮುಗಿಸಿದೆ. ಕರ್ಣ ಅಳೆದರೆ 8.26 ಸೆಂ.ಮೀ. ಬಂತು, ಅಂದರೆ 413 ಕೆಜಿ. ಸೂತ್ರ ಹಾಕಿ ಕ್ಯಾಲ್ಕುಲೇಟರ್ ಒತ್ತಿದರೆ 524 ಕೆಜಿ ಬರುತ್ತೆ. ಮೇಸ್ತ್ರಿ ಎರಡನ್ನೂ ಕೇಳೋದಿಲ್ಲ, "ಮೂಲೆಯ ನಡುಮಧ್ಯಕ್ಕೆ ಸ್ಟೇ ಹೊಡೀರಿ ಸಾಕು" ಅಂತಾರೆ. ಯಾರನ್ನ ನಂಬಲಿ?

ಶಿಡ್ಲಘಟ್ಟ_ಗೂಡು
ಪೆನ್ಸಿಲ್ ಮೊನೆ ದಪ್ಪ ಇರಬೇಕು. ಕೋನಮಾಪಕ ಒಂದೆರಡು ಡಿಗ್ರಿ ಜಾರಿದರೂ ಇಷ್ಟು ವ್ಯತ್ಯಾಸ ಬರುತ್ತೆ.

ಮಧುಗಿರಿ_ಮೇಷ್ಟ್ರು
ಇಲ್ಲ, ಅಷ್ಟು ಬರೋದಿಲ್ಲ. ಈ ಅಳತೆಗಳಲ್ಲಿ ಕೋನ ಒಂದು ಡಿಗ್ರಿ ತಪ್ಪಿದರೆ ಕರ್ಣ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಬದಲಾಗುತ್ತೆ, ಅಂದರೆ ಸುಮಾರು 3 ಕೆಜಿ. ಇಲ್ಲಿ ತಪ್ಪಿರೋದು 2 ಸೆಂ.ಮೀ.ಗೂ ಜಾಸ್ತಿ. ಇಷ್ಟು ತಪ್ಪನ್ನ ಪೆನ್ಸಿಲ್ ಮಾಡೋಕಾಗಲ್ಲ, ಎಳೆದ ಗೆರೆಯೇ ಬೇರೆ ಆಗಿರಬೇಕು.

ಸಮಾಂತರ ಚತುರ್ಭುಜಕ್ಕೆ ಕರ್ಣ ಎರಡು. ಮೂಲೆಯವರೇ, ನೀವು ಅಳೆದ ಕರ್ಣ ಎಲ್ಲಿಂದ ಎಲ್ಲಿಗೆ ಹೋಗುತ್ತೆ? ಕಂಬದ ಬಿಂದುವಿನಿಂದ ಹೊರಡುತ್ತಾ, ಇಲ್ಲ ಎರಡು ಬಾಣದ ತುದಿಗಳನ್ನ ಸೇರಿಸುತ್ತಾ?

ಚಪ್ಪರದ_ಮೂಲೆ
ತುದಿಯಿಂದ ತುದಿಗೆ ಸೇರಿಸಿದ್ದೆ ಮೇಷ್ಟ್ರೇ. 8ರ ತುದಿಯಿಂದ 5ರ ತುದಿಗೆ.

ಮಧುಗಿರಿ_ಮೇಷ್ಟ್ರು
ಅಲ್ಲೇ ಇದೆ ತಪ್ಪು. ತುದಿ-ತುದಿ ಸೇರಿಸಿದ ಗೆರೆ ಎರಡು ಬಲಗಳ ವ್ಯತ್ಯಾಸವನ್ನ ತೋರಿಸುತ್ತೆ, ಮೊತ್ತವನ್ನಲ್ಲ. ಎರಡೂ ಬಾಣ ಯಾವ ಬಿಂದುವಿನಿಂದ ಹೊರಟಿವೆಯೋ, ಅಂದರೆ ನಿಮ್ಮ ಕಂಬ, ಅಲ್ಲಿಂದಲೇ ಎದುರಿನ ಮೂಲೆಗೆ ಹೋಗುವ ಕರ್ಣ ಫಲಿತ ಬಲ. ಅದನ್ನ ಅಳೆದು ನೋಡಿ, 10.5 ಸೆಂ.ಮೀ. ಹತ್ತಿರ ಬರಬೇಕು. ಲೆಕ್ಕದಲ್ಲಿ ಹೀಗೆ:

```
R² = 8² + 5² + 2·8·5·cos75° = 89 + 20.7 = 109.7
R = 10.47 cm  →  524 kg
tan α = 5·sin75° / (8 + 5·cos75°) = 4.83 / 9.29
α = 27.5°
```

ಈ 27.5 ಡಿಗ್ರಿಯನ್ನ 400 ಕೆಜಿ ತಂತಿಯಿಂದ ಅಳೀಬೇಕು, 250ರ ತಂತಿಯಿಂದಲ್ಲ. ಫಲಿತ ಬಲ ಯಾವಾಗಲೂ ಜಾಸ್ತಿ ಎಳೆಯೋ ತಂತಿಯ ಕಡೆಗೇ ವಾಲಿರುತ್ತೆ. ನಿಮ್ಮ ನಕ್ಷೆಯಲ್ಲಿ ಅದು ಸಣ್ಣ ತಂತಿಯ ಕಡೆ ವಾಲಿದ್ದರೆ ಎಲ್ಲೋ ಅದಲು ಬದಲಾಗಿದೆ ಅಂತಲೇ ತಿಳ್ಕೊಳ್ಳಿ.

ಶಿಡ್ಲಘಟ್ಟ_ಗೂಡು
ಹಾಗಾದರೆ ಸುಲಭವಾಗಿ ನೆನಪಿಟ್ಟುಕೊಳ್ಳಬಹುದು. ಉದ್ದ ಇರೋ ಕರ್ಣನೇ ಫಲಿತ ಬಲ, ಗಿಡ್ಡದ್ದನ್ನ ಬಿಟ್ಟುಬಿಡಿ.

ಮಧುಗಿರಿ_ಮೇಷ್ಟ್ರು
ಈ ಮೂಲೆಗೆ ಸರಿ ಹೋಗುತ್ತೆ, ಪಕ್ಕದ ಮೂಲೆಗೆ ಹೋದರೆ ಕೈ ಕೊಡುತ್ತೆ. ಜಮೀನಿನ ಎದುರು ಬದುಗಳು ಒಂದಕ್ಕೊಂದು ಸಮಾಂತರ ಇದ್ದರೆ ಪಕ್ಕದ ಮೂಲೆ 105 ಡಿಗ್ರಿ. ಅಲ್ಲೂ 400, 250 ಅಂತಲೇ ಇಟ್ಟುಕೊಳ್ಳಿ. 105ರ ಕೊಸೈನ್ ಋಣ ಸಂಖ್ಯೆ, ಆದ್ದರಿಂದ 89ರಿಂದ 20.7 ಕಳೀಬೇಕು, 68.3 ಉಳಿಯುತ್ತೆ. ಫಲಿತ ಬಲ 8.26 ಸೆಂ.ಮೀ., 413 ಕೆಜಿ. ಆ ಮೂಲೆಯಲ್ಲಿ ಗಿಡ್ಡ ಕರ್ಣವೇ ಸರಿಯಾದದ್ದು, ಉದ್ದದ್ದು ತುದಿ-ತುದಿ ಸೇರಿಸೋದು. ಮೂಲೆಯವರು ತಪ್ಪಾಗಿ ಅಳೆದ ಸಂಖ್ಯೆ ಪಕ್ಕದ ಕಂಬಕ್ಕೆ ಸರಿಯಾದ ಉತ್ತರ.

ಹಾಗಾಗಿ ಉದ್ದ ನೋಡಬೇಡಿ, ಹೊರಟ ಜಾಗ ನೋಡಿ. ನಕ್ಷೆಯಲ್ಲಿ ಕಂಬದ ಬಿಂದುವಿಗೆ ಮೊದಲೇ ಒಂದು ಸುತ್ತು ಹಾಕಿಟ್ಟರೆ ಕರ್ಣ ಎಳೆಯುವಾಗ ಕೈ ತಪ್ಪೋದಿಲ್ಲ.

ಶಿಡ್ಲಘಟ್ಟ_ಗೂಡು
ಒಪ್ಪಿದೆ ಮೇಷ್ಟ್ರೇ. 90ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಉದ್ದದ್ದು.

ತಿಪಟೂರು_ಪಿಯುಸಿ
ಸರ್ ಒಂದು ಡೌಟ್. ಗಣಿತದ ಪುಸ್ತಕದಲ್ಲಿ ತ್ರಿಭುಜದ ಕೊಸೈನ್ ನಿಯಮದಲ್ಲಿ ಮೈನಸ್ ಇದೆ, ಭೌತಶಾಸ್ತ್ರದಲ್ಲಿ ಪ್ಲಸ್. ಎರಡೂ ಒಂದೇ ಅಂತಾರೆ, ಹೇಗೆ?

ಮಧುಗಿರಿ_ಮೇಷ್ಟ್ರು
ಕೋನ ಬೇರೆ ಅಷ್ಟೆ. 8ರ ಬಾಣ ಎಳೆದು, ಅದರ ತುದಿಯಿಂದ 5ರ ಬಾಣ ಶುರು ಮಾಡು. ಎರಡನೇ ಬಾಣ ಅದರ ಮೂಲ ದಿಕ್ಕಿಗೆ ಸಮಾಂತರವಾಗಿಯೇ ಇರಬೇಕು. ಆಗ ತ್ರಿಭುಜದ ಒಳಗಡೆ ಬರೋ ಕೋನ 75 ಅಲ್ಲ, 180ರಿಂದ 75 ಕಳೆದ 105. ಮೈನಸ್ ಇರೋ ಸೂತ್ರಕ್ಕೆ 105 ಹಾಕು, ಪ್ಲಸ್ ಇರೋದಕ್ಕೆ 75 ಹಾಕು, ಎರಡೂ 109.7ಕ್ಕೇ ಬರುತ್ತೆ. ತ್ರಿಭುಜದ ಒಳಗೆ 75 ಇಟ್ಟು ಮುಚ್ಚಿದರೆ ಮತ್ತೆ ಅದೇ 8.26 ಬರುತ್ತೆ. ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣೋ ತಪ್ಪು ಇದು.

ಬೋರ್‌ವೆಲ್_ಮಾಲೂರು
ಸ್ಟೇ ಅಂದ ಮೇಲೆ ನಮ್ಮದೂ ಒಂದು ಇದೆ. ಬೋರ್‌ವೆಲ್ ಮೋಟರ್ ಎತ್ತೋ ಮೂರು ಕಾಲಿನ ಸ್ಟ್ಯಾಂಡ್, ತಲೆ ಮೇಲೆ ರಾಟೆ. ಪೈಪು ಮೋಟರ್ ಸೇರಿ 300 ಕೆಜಿ ಅಂತ ಇಟ್ಕೊಳ್ಳಿ, ಹಗ್ಗದ ಇನ್ನೊಂದು ತುದಿ ಟ್ರ್ಯಾಕ್ಟರ್‌ಗೆ. ಸ್ಟ್ಯಾಂಡ್ ಮೇಲೆ ಬೀಳೋದು 300 ತಾನೆ? ಹಾಗಿದ್ದರೂ ಅದು ಟ್ರ್ಯಾಕ್ಟರ್ ಕಡೆಗೇ ಯಾಕೆ ಮಗುಚಿಕೊಳ್ಳೋಕೆ ಬರುತ್ತೆ?

ಕೋಲಾರ_ಫಿಟ್ಟರ್
300 ಅಲ್ಲಣ್ಣ. ರಾಟೆಯನ್ನ ಹಗ್ಗ ಎರಡು ಕಡೆ ಎಳೆಯುತ್ತೆ: ಮೋಟರ್ ಕಡೆ ಕೆಳಕ್ಕೆ 300, ಟ್ರ್ಯಾಕ್ಟರ್ ಕಡೆ ಇನ್ನೊಂದು 300. ಟ್ರ್ಯಾಕ್ಟರ್ ದೂರ ನಿಂತು ಹಗ್ಗ ಹೆಚ್ಚುಕಡಿಮೆ ಅಡ್ಡಕ್ಕೆ ಹೋದರೆ ನಡುವೆ 90 ಡಿಗ್ರಿ. ಎರಡೂ ಸಮ ಇದ್ದರೆ ಚತುರ್ಭುಜ ಚೌಕ ಆಗುತ್ತೆ, ಕರ್ಣ 424 ಕೆಜಿ, ದಿಕ್ಕು ನೇರ ಕೆಳಕ್ಕಲ್ಲ, ಟ್ರ್ಯಾಕ್ಟರ್ ಕಡೆಗೆ 45 ಡಿಗ್ರಿ ಓರೆ. ಆ ಗೆರೆ ಮೂರು ಕಾಲಿನ ನಡುವಿನ ಜಾಗ ಬಿಟ್ಟು ಹೊರಗೆ ನೆಲ ಮುಟ್ಟಿದರೆ ಸ್ಟ್ಯಾಂಡ್ ಮಗುಚುತ್ತೆ.

ಇದಕ್ಕೆ ಸ್ಟ್ಯಾಂಡಿನ ಬುಡದಲ್ಲಿ ಇನ್ನೊಂದು ರಾಟೆ ಕಟ್ಟಿ ಹಗ್ಗವನ್ನ ಅದರ ಕೆಳಗಿಂದ ಟ್ರ್ಯಾಕ್ಟರ್‌ಗೆ ಬಿಡಬೇಕು. ಆಗ ಮೇಲಿನ ರಾಟೆಯಲ್ಲಿ ಎರಡೂ ಹಗ್ಗ ಕೆಳಮುಖ, ಒಟ್ಟು ಬಲ 600ರ ಹತ್ತಿರ ಹೋಗುತ್ತೆ, ಆದರೆ ದಿಕ್ಕು ಹೆಚ್ಚುಕಡಿಮೆ ನೇರ ಕೆಳಕ್ಕೆ. ಬಲ ಜಾಸ್ತಿ ಆದರೂ ಮಗುಚೋದಿಲ್ಲ. ಬುಡದ ರಾಟೆ ಮಾತ್ರ ಟ್ರ್ಯಾಕ್ಟರ್ ಕಡೆಗೆ ಜಗ್ಗುತ್ತೆ, ಅದಕ್ಕೆ ಹಿಂದಿನಿಂದ ಗೂಟ ಹೊಡೆದು ಬಿಗೀಬೇಕು, ಇಲ್ಲದಿದ್ದರೆ ಕಾಲು ಜಾರುತ್ತೆ.

ಬೋರ್‌ವೆಲ್_ಮಾಲೂರು
ಬಲ ಇಮ್ಮಡಿ ಆದರೂ ವಾಸಿ ಅನ್ನೋದು ಈಗ ಅರ್ಥ ಆಯ್ತು. ಕಾಲು 600 ತಡೆಯುತ್ತಾ ಅಂತ ನೋಡ್ಕೋಬೇಕು.

ಚಪ್ಪರದ_ಮೂಲೆ
ಮೇಷ್ಟ್ರೇ, ಕಂಬದ ಬಿಂದುವಿನಿಂದ ಅಳೆದೆ. 10.45 ಬಂತು. ತುಂಬ ಥ್ಯಾಂಕ್ಸ್. ಈಗ ಮೇಸ್ತ್ರಿ ಮಾತು. ನಡುಮಧ್ಯ ಅಂದರೆ 37.5 ಡಿಗ್ರಿ, ಲೆಕ್ಕ 27.5 ಅನ್ನುತ್ತೆ. ಹತ್ತು ಡಿಗ್ರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಕೋಲಾರ_ಫಿಟ್ಟರ್
ಕೆಡಿಸಿಕೊಳ್ಳಬೇಕು. ಮೇಸ್ತ್ರಿ ಮಾತು ಎರಡೂ ತಂತಿ ಸಮ ಎಳೆದರೆ ಮಾತ್ರ ಸರಿ. ನಿಮ್ಮಲ್ಲಿ 400, 250. ನಡುಮಧ್ಯಕ್ಕೆ ಸ್ಟೇ ಹೊಡೆದರೆ ಅದು ಫಲಿತ ಬಲದ ಹೆಚ್ಚಿನ ಪಾಲನ್ನ ಹಿಡಿಯುತ್ತೆ, ಸುಮಾರು 516 ಕೆಜಿ. ಆದರೆ ಸ್ಟೇಗೆ ಅಡ್ಡಲಾಗಿ 91 ಕೆಜಿ ಉಳಿಯುತ್ತೆ. ಅದನ್ನ ಹಿಡಿಯೋರು ಯಾರೂ ಇಲ್ಲ, ಕಂಬದ ಬುಡದ ಮಣ್ಣೊಂದೇ. ಕಂಬದ ತಲೆ ಮೇಲೆ ಮೂರು ಹೊತ್ತೂ ಒಬ್ಬ ದೊಡ್ಡ ಆಳು ತೂಗಿ ಎಳೆದ ಹಾಗೆ. ಮಳೆ ಬಿದ್ದು ಮಣ್ಣು ಸಡಿಲ ಆದಾಗ ಕಂಬ ಉದ್ದದ ತಂತಿಯ ಕಡೆಗೆ ತಿರುಗಿ ವಾಲುತ್ತೆ, ಆಗ ಗಿಡ್ಡ ಕಡೆಯ ತಂತಿಯ ಬಿಗಿಯೂ ಕೆಡುತ್ತೆ.

ಹೊಲದಲ್ಲಿ ಕೋನಮಾಪಕ ಬೇಡ, ಗ್ರಾಫ್ ಹಾಳೆಯೂ ಬೇಡ. ಚತುರ್ಭುಜವನ್ನ ನೆಲದ ಮೇಲೇ ಹಾಕಿ. 100 ಕೆಜಿಗೆ 1 ಮೀಟರ್ ಅಂತ ಅಳತೆ. ಕಂಬದ ಬುಡದಿಂದ ಉದ್ದ ತಂತಿಯ ಕೆಳಗೆ 4 ಮೀಟರ್ ಅಳೆದು ಒಂದು ಗೂಟ, ಗಿಡ್ಡ ತಂತಿಯ ಕೆಳಗೆ 2.5 ಮೀಟರ್‌ಗೆ ಇನ್ನೊಂದು ಗೂಟ. ಈಗ ಮೊದಲನೇ ಗೂಟಕ್ಕೆ 2.5 ಮೀಟರ್ ದಾರ, ಎರಡನೇ ಗೂಟಕ್ಕೆ 4 ಮೀಟರ್ ದಾರ ಕಟ್ಟಿ. ಅದಲು ಬದಲು ಅನ್ನೋದು ಗಮನ ಇರಲಿ. ಎರಡೂ ದಾರ ಬಿಗಿಯಾಗಿ ಹಿಡಿದು ತುದಿಗಳು ಕೂಡೋ ಜಾಗದಲ್ಲಿ ಮೂರನೇ ಗೂಟ ಹೊಡೀರಿ, ಕಂಬದಿಂದ ದೂರ ಇರೋ ಕಡೆ. ಅಲ್ಲಿಂದ ಕಂಬಕ್ಕೆ ಟೇಪ್ ಹಿಡಿದರೆ 5.24 ಮೀಟರ್ ಬರಬೇಕು, ಅದು ನಿಮ್ಮ 524 ಕೆಜಿ. ಅದೇ ಗೆರೆಯನ್ನ ಕಂಬ ದಾಟಿಸಿ ಹೊರಗೆ ಎಳೀರಿ, ಸ್ಟೇ ಕಲ್ಲು ಆ ಗೆರೆ ಮೇಲೆ ಬರಬೇಕು.

5.24ಕ್ಕಿಂತ ಒಂದು ಗೇಣು ಆಚೆ ಈಚೆ ಬಂದರೆ ನಿಮ್ಮ ಮೂಲೆ 75 ಡಿಗ್ರಿ ಇಲ್ಲ ಅಂತ ಅರ್ಥ. ಅದನ್ನೂ ಟೇಪ್‌ನಲ್ಲೇ ನೋಡಬಹುದು: ಎರಡು ತಂತಿ ಗುಂಟ 3 ಮೀಟರ್, 3 ಮೀಟರ್ ಗುರುತು ಹಾಕಿ ಗುರುತುಗಳ ನಡುವೆ ಅಳೀರಿ. 3 ಮೀಟರ್ 65 ಸೆಂ.ಮೀ. ಬಂದರೆ 75 ಡಿಗ್ರಿ.

ಚಪ್ಪರದ_ಮೂಲೆ
ಇದು ಮೇಸ್ತ್ರಿಗೆ ಕಣ್ಣೆದುರೇ ತೋರಿಸಬಹುದು. ದಾರ ಹಿಡಿದು ಹಾಕಿದ ಮೇಲೆ ಅವರೂ ಒಪ್ತಾರೆ.

ಗೌರಿಬಿದನೂರು_ಲೈನ್
ಲೈನ್ ಕಂಬ ತಿರುವಿನಲ್ಲಿ ವಾಲಿದ್ದರೆ ನೀವೇ ಸ್ಟೇ ಹಾಕೋಕೆ ಹೋಗಬೇಡಿ, ವಿದ್ಯುತ್ ಕಚೇರಿಗೆ ಅರ್ಜಿ ಕೊಡಿ.

ಶಿಡ್ಲಘಟ್ಟ_ಗೂಡು
ಅಣ್ಣಾ ಇದು ದ್ರಾಕ್ಷಿ ಚಪ್ಪರದ ಕಲ್ಲುಕಂಬ, ಕರೆಂಟ್ ಕಂಬ ಅಲ್ಲ.

ಗೌರಿಬಿದನೂರು_ಲೈನ್
ಸರಿ, ಶೀರ್ಷಿಕೆ ಪೂರ್ತಿ ಓದಿರಲಿಲ್ಲ. ಆದರೂ ಒಂದು ಮಾತು. 524 ಅನ್ನೋದು ಅಡ್ಡ ಎಳೆತ. ಸ್ಟೇ ತಂತಿ ಓರೆಯಾಗಿ ನೆಲಕ್ಕೆ ಇಳಿಯುತ್ತೆ, ಅದರಲ್ಲಿ ಬರೋ ಬಿಗಿ ಇನ್ನೂ ಜಾಸ್ತಿ. ನೆಲಕ್ಕೆ 45 ಡಿಗ್ರಿ ಇದ್ದರೆ 741 ಕೆಜಿ. ಜಾಗ ಇಲ್ಲ ಅಂತ ಕಂಬದ ಹತ್ತಿರವೇ ಗುಂಡಿ ತೆಗೆದು 60 ಡಿಗ್ರಿ ಕಡಿದಾಗಿ ಕಟ್ಟಿದರೆ 1047, ಇಮ್ಮಡಿ. ಸ್ಟೇ ಕಲ್ಲು ಕಿತ್ತು ಬರೋದು ಇಂಥ ಕಡೆಯೇ. ಸ್ಟೇಯನ್ನ ತಂತಿ ಕಟ್ಟಿದ ಎತ್ತರದಲ್ಲೇ ಕಟ್ಟಿ, ಒಂದು ಅಡಿ ಕೆಳಗೆ ಕಟ್ಟಿದರೆ ಕಲ್ಲುಕಂಬ ಆ ಜಾಗದಲ್ಲೇ ಮುರಿಯಬಹುದು. ಕಲ್ಲು ಒತ್ತಡ ತಡೆಯುತ್ತೆ, ಬಾಗೋದನ್ನ ತಡೆಯಲ್ಲ.

ತುಮಕೂರು_ಡಿಪ್ಲೊಮಾ
ಎಲ್ಲರೂ ಕೆಜಿ ಕೆಜಿ ಅಂತಿದ್ದೀರಿ. ಬಲದ ಮಾನ ನ್ಯೂಟನ್. 524 ಕೆಜಿ ತೂಕದಷ್ಟು ಬಲ ಅಂದರೆ ಸುಮಾರು 5140 ನ್ಯೂಟನ್. ಪರೀಕ್ಷೆಯಲ್ಲಿ ಕೆಜಿ ಅಂತ ಬರೆದರೆ ಅಂಕ ಹೋಗುತ್ತೆ.

ಮಧುಗಿರಿ_ಮೇಷ್ಟ್ರು
ಪರೀಕ್ಷೆಗೆ ನಿಜ. ಚತುರ್ಭುಜಕ್ಕೆ ಎರಡೂ ಬಾಜು ಒಂದೇ ಮಾನದಲ್ಲಿದ್ದರೆ ಸಾಕು, ದಿಕ್ಕು ಬದಲಾಗೋದಿಲ್ಲ.

ತುಮಕೂರು_ಡಿಪ್ಲೊಮಾ
ಸರಿ. ಆದರೆ ಮೂಲ ಪ್ರಶ್ನೆಯೇ ಉಳಿದಿದೆ. 400, 250 ಅಂತ ಹೇಗೆ ಗೊತ್ತಾಯ್ತು? ಅಂದಾಜಾದರೆ ಉತ್ತರವೂ ಅಂದಾಜೇ.

ಚಪ್ಪರದ_ಮೂಲೆ
ತಂತಿ ಎಳೆಯೋರು ಹೇಳಿದ್ದು. ಅಳೆದಿಲ್ಲ.

ಕೋಲಾರ_ಫಿಟ್ಟರ್
ಅಳೆಯಬಹುದು, ಅದೂ ಇದೇ ಚತುರ್ಭುಜದಿಂದಲೇ. ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಸ್ಕೇಲು ಸಾಕು. ಎರಡು ಕಂಬದ ನಡುವೆ 4 ಮೀಟರ್ ಇದೆ ಅಂತ ಇಟ್ಟುಕೊಳ್ಳಿ. ತಂತಿಯ ಸರಿಯಾದ ಮಧ್ಯಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನೆಲಕ್ಕೆ ಸಮವಾಗಿ ಅಡ್ಡಕ್ಕೆ 10 ಕೆಜಿ ಬರೋವರೆಗೆ ಎಳೀರಿ. ಕೆಳಕ್ಕೆ ಎಳೆದರೆ ತಂತಿಯ ತೂಕವೂ ಸೇರಿಕೊಳ್ಳುತ್ತೆ, ಅದಕ್ಕೇ ಅಡ್ಡಕ್ಕೆ. ಮಧ್ಯದ ಬಿಂದು ಎಷ್ಟು ಸರಿಯಿತು ಅಂತ ಅಳೀರಿ.

```
T = F × L / (4 × d)
10 × 4 / (4 × 0.025) = 400
10 × 4 / (4 × 0.040) = 250
```

2.5 ಸೆಂ.ಮೀ. ಸರಿದರೆ 400 ಕೆಜಿ ಬಿಗಿ, 4 ಸೆಂ.ಮೀ. ಸರಿದರೆ 250. ಕೊಕ್ಕೆಯ ಎರಡೂ ಕಡೆ ತಂತಿ ಸಮವಾಗಿ, ಹೆಚ್ಚುಕಡಿಮೆ ಎದುರುಬದುರು ಎಳೆಯುತ್ತೆ. ಹಾಗೆ ಎಳೆಯೋ ಎರಡು ದೊಡ್ಡ ಬಲಗಳ ಚತುರ್ಭುಜ ತೀರಾ ಚಪ್ಪಟೆ, ಕೊಕ್ಕೆಯಿಂದ ಹೊರಡೋ ಕರ್ಣ ತುಂಬ ಗಿಡ್ಡ. ಆ ಗಿಡ್ಡ ಕರ್ಣವೇ ನಿಮ್ಮ ಕೈಯಲ್ಲಿರೋ 10 ಕೆಜಿ. ಇಲ್ಲಿ ಹಾಳೆ ಮೇಲೆ ನಕ್ಷೆ ಹಾಕೋಕೆ ಹೋಗಬೇಡಿ, ಗೆರೆಗಳು ಒಂದರ ಮೇಲೊಂದು ಬಿದ್ದ ಹಾಗೆ ಕಾಣುತ್ತೆ. ಲೆಕ್ಕವೇ ವಾಸಿ.

ಸರಿತವನ್ನ ಒಂದು ಮಿಲಿಮೀಟರ್ ತಪ್ಪು ಓದಿದರೆ 400ರಲ್ಲಿ 16 ಕೆಜಿ ಆಚೀಚೆ ಆಗುತ್ತೆ, ಮೂರು ಸಲ ಅಳೀರಿ. ಇನ್ನೊಂದು, ನಡುಕಂಬಗಳಿಗೆ ತಂತಿಯನ್ನ ಬಿಗಿಯಾಗಿ ಸುತ್ತಿದ್ದರೆ ಆ 4 ಮೀಟರ್ ತುಂಡೊಂದೇ ಹಿಗ್ಗಬೇಕಾಗುತ್ತೆ, ಬಿಗಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ. ತಂತಿ ಸಡಿಲವಾಗಿ ಜಾರೋ ಹಾಗಿರುವಾಗಲೇ, ಕಟ್ಟೋ ಮೊದಲೇ ಅಳೀಬೇಕು.

ತಿಪಟೂರು_ಪಿಯುಸಿ
ಸರ್ ಲ್ಯಾಬಲ್ಲಿ ಬೋರ್ಡು, ಎರಡು ರಾಟೆ, ಮೂರು ತೂಕ ಇಟ್ಟು ಮಾಡ್ತೀವಲ್ಲ, ಅದರಲ್ಲಿ ನಡುವಿನ ತೂಕ ಯಾವಾಗಲೂ ಕರ್ಣಕ್ಕಿಂತ ಸ್ವಲ್ಪ ಬೇರೆ ಬರುತ್ತೆ. ಯಾಕೆ?

ಮಧುಗಿರಿ_ಮೇಷ್ಟ್ರು
ರಾಟೆಯ ಘರ್ಷಣೆ. ನಡುವಿನ ಗಂಟನ್ನ ಸ್ವಲ್ಪ ಮೇಲೆ ಎತ್ತಿ ಬಿಡು, ಒಂದು ಕಡೆ ನಿಲ್ಲುತ್ತೆ. ಕೆಳಕ್ಕೆ ಎಳೆದು ಬಿಡು, ಇನ್ನೊಂದು ಕಡೆ ನಿಲ್ಲುತ್ತೆ. ಎರಡೂ ಜಾಗದ ಮಧ್ಯವನ್ನ ತಗೋ. ದಾರದ ನೆರಳು ಹಾಳೆ ಮೇಲೆ ಗುರುತು ಮಾಡುವಾಗ ಕೆಳಗೆ ಕನ್ನಡಿ ಪಟ್ಟಿ ಇಟ್ಟು, ದಾರ ಮತ್ತು ಅದರ ಬಿಂಬ ಒಂದಾಗಿ ಕಂಡಾಗ ಚುಕ್ಕೆ ಇಡು. ತೂಕಗಳು ಬೋರ್ಡಿಗೆ ತಾಗದ ಹಾಗೆ ನೋಡ್ಕೋ.

ಅಲ್ಲಿ ಕೆಳಗೆ ನೇತಾಡೋ ತೂಕ ಫಲಿತ ಬಲ ಅಲ್ಲ, ಅದಕ್ಕೆ ಎದುರಾಗಿ ಸಮತೂಕ ಮಾಡೋ ಬಲ. ಚಪ್ಪರದ ಮೂಲೆಯಲ್ಲಿ ಆ ಕೆಲಸ ಸ್ಟೇಯದು. ಅದಕ್ಕೇ ಫಲಿತ ಬಲ ಜಮೀನಿನ ಒಳಕ್ಕೆ, ಸ್ಟೇ ಹೊರಕ್ಕೆ. ನ್ಯೂಟನ್ 1687ರ ಪುಸ್ತಕದಲ್ಲಿ ಚಲನೆಯ ಮೂರು ನಿಯಮ ಹೇಳಿ ಮುಗಿಸಿದ ತಕ್ಷಣ ಮೊದಲನೇ ಉಪಪ್ರಮೇಯವಾಗಿ ಈ ಕರ್ಣದ ಮಾತನ್ನೇ ತಗೊಳ್ಳೋದು.

ತುಮಕೂರು_ಡಿಪ್ಲೊಮಾ
ನನ್ನ ಆಕ್ಷೇಪ ಬೇರೆ. ಇಷ್ಟೆಲ್ಲ ಲೆಕ್ಕ ಹಾಕಿ ಒಂದೇ ಸ್ಟೇ ಯಾಕೆ? ಕಾಯಿ ಹಿಡಿದ ಮೇಲೆ ಬಿಗಿ ಬದಲಾಗುತ್ತೆ. ಗಿಡ್ಡ ಕಡೆಯದು 250ರಿಂದ 350 ಆಯ್ತು ಅಂತ ಇಟ್ಟುಕೊಳ್ಳಿ. ಫಲಿತ ಬಲ 596 ಆಗುತ್ತೆ, ದಿಕ್ಕು 27.5ರಿಂದ 34.6ಕ್ಕೆ ಸರಿಯುತ್ತೆ. ಸ್ಟೇ ಇದ್ದಲ್ಲೇ ಇರುತ್ತೆ, ಅಡ್ಡಕ್ಕೆ 74 ಕೆಜಿ ಉಳಿಯುತ್ತೆ. ಪ್ರತಿ ತಂತಿಯ ನೇರಕ್ಕೆ ಹಿಂದೆ ಒಂದೊಂದು, ಒಟ್ಟು ಎರಡು ಸ್ಟೇ ಹಾಕಿದರೆ ಯಾವ ತಂತಿ ಎಷ್ಟು ಬದಲಾದರೂ ಅದರ ಸ್ಟೇ ಹಿಡಿಯುತ್ತೆ. ಚತುರ್ಭುಜವೇ ಬೇಕಾಗಲ್ಲ.

ಕೋಲಾರ_ಫಿಟ್ಟರ್
ಎರಡು ಗುಂಡಿ, ಎರಡು ಕಲ್ಲು, ಮೂಲೆಯ ಆಚೆ ಎರಡು ಕಡೆ ಜಾಗ. ಎಲ್ಲರಿಗೂ ಸಿಗಲ್ಲ. ತುಂಬಿದ ಚಪ್ಪರದ ಬಿಗಿ ಇಟ್ಟುಕೊಂಡು ಚತುರ್ಭುಜ ಹಾಕಿ ಒಂದೇ ಸ್ಟೇ ಹಾಕಿದರೆ, ಖಾಲಿ ಇದ್ದಾಗ ಉಳಿಯೋ ಅಡ್ಡ ಬಲವನ್ನ ಬುಡ ಆಳವಾಗಿದ್ದರೆ ಮಣ್ಣು ತಡೆಯುತ್ತೆ. ನನ್ನ ಮಟ್ಟಿಗೆ ಒಂದೇ ಸಾಕು.

ತುಮಕೂರು_ಡಿಪ್ಲೊಮಾ
ಕೆಂಪು ಮಣ್ಣು ಒಣಗಿದಾಗ ತಡೆಯುತ್ತೆ. ನೆನೆದಾಗ ತಡೆಯುತ್ತೆ ಅಂತ ನಾನು ಒಪ್ಪಲ್ಲ.

ಚಪ್ಪರದ_ಮೂಲೆ
ನಮ್ಮ ಮೂಲೆಯ ಹೊರಗೆ ಬಂಡಿದಾರಿ ಇದೆ. 27.5ರ ಗೆರೆ ಎಳೆದರೆ ಸ್ಟೇ ಕಲ್ಲು ದಾರಿ ಅಂಚಿಗೆ ಬರುತ್ತೆ, ಎರಡು ಹಾಕಿದರೆ ಒಂದು ದಾರಿಯ ನಡುವಿಗೇ ಬೀಳುತ್ತೆ.

ಗೌರಿಬಿದನೂರು_ಲೈನ್
ಹಾಗಾದರೆ ಹೊರಗಡೆ ಎಳೆಯೋದು ಬಿಟ್ಟು ಒಳಗಡೆಯಿಂದ ಒತ್ತು ಕೊಡಿ. ಅದೇ ಕರ್ಣದ ಗೆರೆ ಮೇಲೆ, ಜಮೀನಿನ ಒಳಭಾಗದಲ್ಲಿ ಓರೆಗಂಬ ನೆಟ್ಟು ಅದರ ತಲೆ ಮೂಲೆಕಂಬಕ್ಕೆ ತಂತಿ ಎತ್ತರದಲ್ಲಿ ಆನಿಸಿ. 45 ಡಿಗ್ರಿಗೆ ಅದೇ 741 ಕೆಜಿ ಬರುತ್ತೆ, ಆದರೆ ಎಳೆತ ಅಲ್ಲ, ಒತ್ತಡ. ಓರೆಗಂಬದ ಬುಡಕ್ಕೆ ಚಪ್ಪಡಿ ಕಲ್ಲು ಕೊಡಿ, ಇಲ್ಲದಿದ್ದರೆ ಮಣ್ಣಲ್ಲಿ ಇಳಿಯುತ್ತೆ. ಸ್ಟೇ ಕಂಬವನ್ನ ಕೆಳಕ್ಕೆ ಒತ್ತಿದರೆ ಇದು ಮೇಲಕ್ಕೆ ಎತ್ತುತ್ತೆ, 524 ಕೆಜಿಯಷ್ಟು. ಮೂಲೆಕಂಬವನ್ನ ಕೆಳಗೆ ಹಿಡಿದಿಡೋ ಏರ್ಪಾಡು ಬೇಕು.

ಚಪ್ಪರದ_ಮೂಲೆ
ಮೇಲಕ್ಕೆ ಕಿತ್ತು ಬರುತ್ತೆ ಅಂತ ಯೋಚನೆಯೇ ಮಾಡಿರಲಿಲ್ಲ. ಮೊದಲು ತಕ್ಕಡಿ ತಂದು ಎರಡೂ ತಂತಿಯ ಬಿಗಿ ಅಳೆದು ಸಂಖ್ಯೆ ಇಲ್ಲೇ ಹಾಕ್ತೀನಿ. ಮೂಲೆಕಂಬ ಎರಡೂವರೆ ಅಡಿ ಮಾತ್ರ ನೆಲದೊಳಗಿದೆ, ಬುಡಕ್ಕೆ ಕಾಂಕ್ರೀಟ್ ಹಾಕಿಲ್ಲ. ಒತ್ತುಗಂಬಕ್ಕೆ ಅದು ಸಾಕಾಗುತ್ತಾ?

ಕೋಲಾರ_ಫಿಟ್ಟರ್
ಸಾಲದು. ಮೊದಲು ಬುಡ ನೋಡ್ಕೊಳ್ಳಿ, ದಿಕ್ಕಿನ ಮಾತು ಆಮೇಲೆ.